ಕಾಲುವೆ ಬದಿಯ ತೋಟಕ್ಕೆ ಎಷ್ಟು ಬೇಲಿ?

ಕಾಲುವೆಗೆ ತಾಗಿ 800 ಚದರ ಮೀಟರಿನ ಆಯತಾಕಾರದ ತೋಟ ಮಾಡಬೇಕು. ಕಾಲುವೆಯ ಕಡೆಗೆ ಬೇಲಿ ಬೇಡ. ಉಳಿದ ಮೂರು ಬದಿಗೆ ಕನಿಷ್ಠ ಎಷ್ಟು ಬೇಲಿ ಸಾಕು? ಚೌಕವೇ ಒಳ್ಳೆಯದು ಎನ್ನಿಸುವುದು ಸಹಜ. ಆದರೆ ಚೌಕಕ್ಕೆ ಸುಮಾರು 84.85 ಮೀಟರ್ ಹಿಡಿಯುತ್ತದೆ.

ಎರಡು ಧನ ಸಂಖ್ಯೆಗಳ ಸಮಾಂತರ ಮಾಧ್ಯ, ಅಂದರೆ ಸರಾಸರಿ, ಅವುಗಳ ಗುಣಲಬ್ಧದ ವರ್ಗಮೂಲಕ್ಕಿಂತ ಎಂದೂ ಕಡಿಮೆಯಾಗದು. ಆ ವರ್ಗಮೂಲವೇ ಗುಣೋತ್ತರ ಮಾಧ್ಯ. ಸಂಖ್ಯೆಗಳು ಸಮವಾದಾಗ ಮಾತ್ರ ಎರಡೂ ಒಂದೇ.

ಕಾಲುವೆಗುಂಟ ಉದ್ದ x, ಅಗಲ y ಎನ್ನಿ. ಬೇಲಿ x + 2y. ಆದ್ದರಿಂದ ಜೋಡಿಸಬೇಕಾದ್ದು x ಮತ್ತು y ಅಲ್ಲ, x ಮತ್ತು 2y, ಎಡವುವುದು ಇಲ್ಲೇ. ಇವುಗಳ ಗುಣಲಬ್ಧ ಸದಾ 1600, ವರ್ಗಮೂಲ 40. ಹಾಗಾಗಿ ಮೊತ್ತ 80ಕ್ಕಿಂತ ಇಳಿಯದು. ಉದ್ದ 40, ಅಗಲ 20 ಇಟ್ಟರೆ ಸರಿಯಾಗಿ 80 ಮೀಟರ್. ಕಲನಶಾಸ್ತ್ರ ಬೇಕಾಗಲೇ ಇಲ್ಲ.

ಕಾಲುವೆ ಬದಿ 32 ಮೀಟರ್ ಮಾತ್ರ ಸಿಕ್ಕರೆ ಆ ಸಮತೆ ಕೈಗೆಟುಕದು. ಆಗ ಅಗಲ 25, ಬೇಲಿ 82 ಮೀಟರ್.