ಡೌನ್‌ಲೋಡ್ ಮುಗಿದ ಮೇಲೆ ಕೈಕೊಡುವ ಡಿಸ್ಕ್

60 ಜಿಬಿ ಗಾತ್ರದ ಒಂದು ಗೇಮ್ ಇಳಿಸಿಕೊಳ್ಳಲು, ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕನ್ನೇ ನಂಬಿದವರಿಗೆ ಒಂದು ತಿಂಗಳು ಬೇಕು. ಕೋಲಾರ, ಮಾಲೂರು ಪೇಟೆಗಳಲ್ಲಿ ಫೈಬರ್ ಸಂಪರ್ಕ ಬಂದಿದ್ದರೂ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳ ಹುಡುಗರು ಇಂದಿಗೂ ಸ್ನೇಹಿತರ ಹಾರ್ಡ್ ಡಿಸ್ಕ್‌ನಿಂದಲೋ ಪೆನ್‌ಡ್ರೈವ್‌ನಿಂದಲೋ ಗೇಮ್ ಕಾಪಿ ಮಾಡಿಕೊಳ್ಳುವುದು ಈ ಲೆಕ್ಕ ಗೊತ್ತಿರುವುದರಿಂದಲೇ. ಇಷ್ಟೆಲ್ಲ ಆದ ಮೇಲೆ ಇನ್‌ಸ್ಟಾಲರ್ ಶೇಕಡಾ 98ಕ್ಕೆ ಬಂದು ನಿಲ್ಲುತ್ತದೆ. ಇಲ್ಲವೇ ಫೈಲ್‌ಗಳನ್ನು ಪರಿಶೀಲಿಸುತ್ತಿದ್ದೇನೆ ಎಂದು ಹೇಳಿ ಗಂಟೆಗಟ್ಟಲೆ ಅಲ್ಲಾಡುವುದಿಲ್ಲ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಎಲ್ಲವನ್ನೂ ಅಳಿಸಿ ಮೊದಲಿಂದ ಡೌನ್‌ಲೋಡ್‌ಗೆ ಹಾಕುವುದು. ಅದು ಬಹುತೇಕ ಸಲ ವ್ಯರ್ಥ ಶ್ರಮ. ಕೊನೆಯಲ್ಲಿ ಕಾಣಿಸಿಕೊಂಡ ತೊಂದರೆ ಕೊನೆಯಲ್ಲಿ ಹುಟ್ಟಿದ್ದಲ್ಲ, ಇಂಟರ್‌ನೆಟ್‌ನಿಂದ ಬಂದದ್ದೂ ಅಲ್ಲದಿರಬಹುದು. ಮೊದಲು ನೋಡಬೇಕಾದದ್ದು ಡಿಸ್ಕನ್ನು.

ಹಾರ್ಡ್ ಡಿಸ್ಕ್ ಬರೆಯುವ ರೀತಿಯಲ್ಲೇ ಇದರ ಕಾರಣವಿದೆ. ಡಿಸ್ಕಿನ ಮೇಲ್ಮೈ ಸೆಕ್ಟರ್ ಎಂಬ ಸಣ್ಣ ತುಣುಕುಗಳಾಗಿ ವಿಂಗಡಣೆಯಾಗಿರುತ್ತದೆ. ಹಳೆಯ ಡಿಸ್ಕ್‌ಗಳಲ್ಲಿ ಒಂದೊಂದು 512 ಬೈಟ್, ಈಚಿನವುಗಳಲ್ಲಿ 4096 ಬೈಟ್. ಬರೆಯುವಾಗ ಡಿಸ್ಕ್ ಆ ಜಾಗಕ್ಕೆ ಹೋಗಿ ಬರೆದು ಮುಂದಕ್ಕೆ ಸಾಗುತ್ತದೆಯೇ ಹೊರತು, ಬರೆದದ್ದು ಸರಿಯಾಗಿ ಕೂತಿದೆಯೇ ಎಂದು ಸಾಮಾನ್ಯವಾಗಿ ಹಿಂತಿರುಗಿ ಓದುವುದಿಲ್ಲ. ಹಾಗಾಗಿ ಕೆಟ್ಟ ಜಾಗದ ಮೇಲೆ ಬರೆದ ಭಾಗವೂ ಡೌನ್‌ಲೋಡ್ ಪಟ್ಟಿಯಲ್ಲಿ ಯಶಸ್ವಿಯಾಗಿಯೇ ಕಾಣುತ್ತದೆ. ಸ್ಟೀಮ್‌ನಂಥ ವ್ಯವಸ್ಥೆ ಗೇಮನ್ನು ಸುಮಾರು 1 ಎಂಬಿ ತುಂಡುಗಳಾಗಿ ಕಳಿಸಿ, ಪ್ರತಿ ತುಂಡಿಗೂ ಒಂದು ಹ್ಯಾಷ್, ಅಂದರೆ ಗಣಿತದಿಂದ ತೆಗೆದ ಗುರುತು, ಇಟ್ಟಿರುತ್ತದೆ. ದಾರಿಯಲ್ಲಿ ಹಾಳಾದ ತುಂಡು ಬಂದ ಕೂಡಲೇ ಸಿಕ್ಕಿಬೀಳುತ್ತದೆ, ಅದನ್ನು ಮತ್ತೆ ತರಿಸಿಕೊಳ್ಳಲಾಗುತ್ತದೆ. ಆದರೆ ಡಿಸ್ಕಿಗೆ ಇಳಿದ ಮೇಲೆ ಹಾಳಾದದ್ದು ಗೊತ್ತಾಗುವುದು ಯಾರಾದರೂ ಅದನ್ನು ಓದಿದಾಗ ಮಾತ್ರ. ಪರಿಶೀಲನೆಯ ಹಂತದಲ್ಲೇ ಅಷ್ಟೂ ಬೈಟ್‌ಗಳನ್ನು ಮೊದಲ ಬಾರಿಗೆ ಸಾಲಾಗಿ ಓದುವುದು. ಎಡವುವುದೂ ಅಲ್ಲೇ.

ನಿಂತಿದೆ ಎಂದು ಕಂಡದ್ದೆಲ್ಲ ನಿಂತಿರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸೆಕೆಂಡಿಗೆ 100 ಎಂಬಿ ಓದುವ ಆರೋಗ್ಯವಂತ ಡಿಸ್ಕಿಗೂ 60 ಜಿಬಿ ಓದಲು ಹತ್ತು ನಿಮಿಷ ಬೇಕು. ಹಳೆಯ ಲ್ಯಾಪ್‌ಟಾಪ್ ಡಿಸ್ಕಿಗೆ ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಕ್ಯಾನ್ಸಲ್ ಒತ್ತುವ ಮೊದಲು Ctrl+Shift+Esc ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಆ ಡಿಸ್ಕನ್ನು ಆರಿಸಿಕೊಳ್ಳಿ. ಸಕ್ರಿಯ ಸಮಯ 100% ಇದ್ದು ಓದುವ ವೇಗವೂ ಹತ್ತಾರು ಎಂಬಿ ಇದ್ದರೆ ಕೆಲಸ ನಡೆಯುತ್ತಿದೆ, ಕಾಯಬೇಕಷ್ಟೆ. ಸಕ್ರಿಯ ಸಮಯ 100% ಇದ್ದು ವೇಗ ಸೊನ್ನೆಗೆ ಇಳಿದಿದ್ದರೆ, ಪ್ರತಿಕ್ರಿಯೆಯ ಸಮಯ ಸಾವಿರಾರು ಮಿಲಿಸೆಕೆಂಡ್‌ಗೆ ಏರಿದ್ದರೆ, ಡಿಸ್ಕ್ ಒಂದೇ ಸೆಕ್ಟರನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿದೆ ಎಂದರ್ಥ. ಮನೆಬಳಕೆಯ ಡಿಸ್ಕ್‌ಗಳು ಓದಲಾಗದ ಸೆಕ್ಟರನ್ನು ಸುಲಭವಾಗಿ ಕೈಬಿಡುವುದಿಲ್ಲ. ಒಂದೊಂದರ ಮೇಲೂ ಹತ್ತಾರು ಸೆಕೆಂಡ್ ಕಳೆಯುತ್ತವೆ. ಅಂಥ ಹತ್ತು ಜಾಗ ಅಕ್ಕಪಕ್ಕದಲ್ಲಿ ಬಂದರೆ ಇನ್‌ಸ್ಟಾಲರ್ ಹೆಪ್ಪುಗಟ್ಟಿದಂತೆಯೇ ಕಾಣುತ್ತದೆ. ವಿಂಡೋಸ್ ಇದನ್ನು ಬರೆದಿಟ್ಟುಕೊಂಡಿರುತ್ತದೆ: ಈವೆಂಟ್ ವ್ಯೂವರ್‌ನ ಸಿಸ್ಟಮ್ ವಿಭಾಗದಲ್ಲಿ disk ಹೆಸರಿನ ಮುಂದೆ 7 ಎಂಬ ಸಂಖ್ಯೆ ಕಂಡರೆ ಅದು ಕೆಟ್ಟ ಸೆಕ್ಟರಿನ ದಾಖಲೆ, 153 ಎಂದಿದ್ದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಯಿತು ಎಂದು.

ಡಿಸ್ಕ್ ಕೆಟ್ಟಿದ್ದರೆ ವಿಂಡೋಸ್ ಹೇಗೆ ಓಡುತ್ತಿದೆ, ಫೋಟೋಗಳು ಹೇಗೆ ತೆರೆಯುತ್ತಿವೆ ಎಂಬ ಪ್ರಶ್ನೆ ಸಹಜ. 500 ಜಿಬಿ ಡಿಸ್ಕಿನಲ್ಲಿ 512 ಬೈಟಿನ ಸೆಕ್ಟರ್‌ಗಳು ಸುಮಾರು 98 ಕೋಟಿ. ಅವುಗಳಲ್ಲಿ ಹತ್ತಿಪ್ಪತ್ತು ಕೆಟ್ಟಿದ್ದರೆ ದಿನನಿತ್ಯದ ಕೆಲಸ ಆ ಕಡೆ ಸುಳಿಯುವುದೇ ಇಲ್ಲ. 60 ಜಿಬಿಯ ಗೇಮ್ ಆದರೋ ಡಿಸ್ಕಿನ ಎಂಟನೇ ಒಂದು ಭಾಗವನ್ನು ಒಂದೇ ಏಟಿಗೆ ಆವರಿಸಿ, ಅದರ ಒಂದೊಂದು ಬೈಟನ್ನೂ ಲೆಕ್ಕ ಕೇಳುತ್ತದೆ. ಎರಡನೇ ಸಲ ಹಾಕಿದಾಗ ಸರಿಹೋಯಿತಲ್ಲ ಎನ್ನುವವರ ಮಾತೂ ಡಿಸ್ಕನ್ನು ನಿರ್ದೋಷಿ ಮಾಡುವುದಿಲ್ಲ. ಎರಡನೇ ಸಲ ಆ ಫೈಲ್ ಬೇರೆ ಜಾಗದಲ್ಲಿ ಕೂತಿರಬಹುದು, ಕೆಟ್ಟ ಜಾಗ ಇನ್ಯಾವುದೋ ಫೈಲಿಗಾಗಿ ಕಾಯುತ್ತಿರಬಹುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ತಪ್ಪು ರ್‍ಯಾಮ್‌ನದ್ದೋ, ತಂದ ಕಾಪಿಯದ್ದೋ ಆಗಿರಬಹುದಲ್ಲ? ಖಂಡಿತ ಆಗಿರಬಹುದು. ಪರದೆಯ ಮೇಲೆ ಬರುವ Archive corrupted ಎಂಬ ಸಂದೇಶ ಇವುಗಳ ನಡುವೆ ಭೇದ ಮಾಡುವುದಿಲ್ಲ. ಬಿಚ್ಚಿದ ದತ್ತಾಂಶ ಗುರುತಿಗೆ ಹೊಂದಲಿಲ್ಲ ಎಂದಷ್ಟೇ ಅದರ ಅರ್ಥ. ಹಾಗಾಗಿ ಬಿಡಿಸಿ ನೋಡಬೇಕು. ಸ್ನೇಹಿತರಿಂದ ತಂದ ಇನ್‌ಸ್ಟಾಲರ್ ಹಲವು ಭಾಗಗಳಲ್ಲಿದ್ದು, ಎರಡನೇ ಭಾಗದ ಮೇಲೆ ಅನುಮಾನವಿದೆ ಎನ್ನೋಣ. ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಕೊಡಿ:

```
certutil -hashfile "D:\game\setup-2.bin" SHA256
```

ಇದು ಆ ಫೈಲನ್ನು ಪೂರ್ತಿ ಓದಿ ಉದ್ದನೆಯ ಒಂದು ಗುರುತು ಕೊಡುತ್ತದೆ. ಗುರುತು ಬರುವ ಬದಲು Data error (cyclic redundancy check) ಎಂಬ ಸಂದೇಶ ಬಂದರೆ ಡಿಸ್ಕಿಗೇ ಓದಲಾಗಲಿಲ್ಲ. ಬೇರೆ ತನಿಖೆ ಬೇಕಿಲ್ಲ. ಗುರುತು ಬಂದರೆ ಅದೇ ಆಜ್ಞೆಯನ್ನು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಮತ್ತೊಮ್ಮೆ ಕೊಡಿ. ಒಂದೇ ಫೈಲಿಗೆ ಎರಡು ಸಲ ಎರಡು ಗುರುತು ಬಂದರೆ ರ್‍ಯಾಮ್ ಅಥವಾ ಕೇಬಲ್ ಕಡೆ ಬೆರಳು ತೋರಿಸಬಹುದು. ರ್‍ಯಾಮ್ ಕೆಟ್ಟಾಗ ಇನ್‌ಸ್ಟಾಲರ್ ಕೂಡ ಪ್ರತಿ ಸಲ ಬೇರೆ ಬೇರೆ ಫೈಲಿನಲ್ಲಿ ಬೀಳುತ್ತದೆ, ಕೆಟ್ಟ ಸೆಕ್ಟರ್ ಆದರೆ ಅದೇ ಫೈಲಿನಲ್ಲಿ ಬೀಳುತ್ತದೆ. ಎರಡೂ ಸಲ ಒಂದೇ ಗುರುತು ಬಂದು, ಸ್ನೇಹಿತರ ಮೂಲ ಫೈಲಿನ ಗುರುತಿಗೆ ಅದು ಹೊಂದದಿದ್ದರೆ ಕಾಪಿ ಆಗುವಾಗಲೇ ಹಾಳಾಗಿದೆ. ಆಗ ಮತ್ತೆ ತರಬೇಕಾದದ್ದು ಆ ಒಂದು ಭಾಗ ಮಾತ್ರ, ಇಡೀ ಗೇಮ್ ಅಲ್ಲ.

ಡಿಸ್ಕಿನದ್ದೇ ತಪ್ಪು ಎಂದು ಖಚಿತವಾದ ಮೇಲೆ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಅದರ ಪಟ್ಟಿಯಲ್ಲಿ ನೋಡಬೇಕಾದ ಸಾಲುಗಳು ಎರಡೇ. 05 ಎಂಬುದು ಡಿಸ್ಕ್ ಈಗಾಗಲೇ ಕೈಬಿಟ್ಟು, ತನ್ನ ಮೀಸಲು ಜಾಗಕ್ಕೆ ಬದಲಾಯಿಸಿಕೊಂಡ ಸೆಕ್ಟರ್‌ಗಳ ಸಂಖ್ಯೆ. C5 ಎಂಬುದು ಓದಲಾಗದೆ, ಇನ್ನೂ ತೀರ್ಮಾನವಾಗದೆ ಉಳಿದವುಗಳ ಸಂಖ್ಯೆ. ಅಂಕಿಗಳು ಹದಿನಾರರ ಎಣಿಕೆಯಲ್ಲಿರುತ್ತವೆ, ಆದ್ದರಿಂದ ಕೊನೆಯಲ್ಲಿ 0A ಎಂದಿದ್ದರೆ ಹತ್ತು ಎಂದು ಓದಿಕೊಳ್ಳಬೇಕು. C5 ಸೊನ್ನೆಯಲ್ಲ ಎಂದ ಮಾತ್ರಕ್ಕೆ ಡಿಸ್ಕ್ ಸತ್ತಿತು ಎನ್ನುವಂತಿಲ್ಲ, ಇದು ನಮ್ಮ ಕಡೆಯವರಿಗೆ ವಿಶೇಷವಾಗಿ ಮುಖ್ಯ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಸೆಕ್ಟರ್ ಅರ್ಧಂಬರ್ಧ ಬರೆದುಕೊಂಡು, ಅದರ ಜೊತೆಗಿರುವ ತಪ್ಪು ತಿದ್ದುವ ಸಂಕೇತಕ್ಕೆ ತಾಳೆಯಾಗದೆ, ಓದಲಾಗದ ಸ್ಥಿತಿಯಲ್ಲಿ ಉಳಿದುಬಿಡಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ರಾತ್ರಿಯಿಡೀ ಗೇಮ್ ಇಳಿಸುವವರಿಗೆ ಇದು ದೂರದ ಸಾಧ್ಯತೆಯಲ್ಲ. ಇಂಥ ಸೆಕ್ಟರಿನ ಲೋಹದ ಮೇಲ್ಮೈ ಚೆನ್ನಾಗಿಯೇ ಇರುತ್ತದೆ, ಮತ್ತೊಮ್ಮೆ ಬರೆದರೆ ಸರಿಹೋಗುತ್ತದೆ. ಮಾಲೂರಿನ ಇಟ್ಟಿಗೆ, ಹೆಂಚಿನ ಧೂಳೇ ಕಾರಣ ಎಂದು ದೂರುವುದುಂಟು. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಗಾಳಿ ಹೋಗುವುದು ಸೋಸುವ ಪದರದ ಮೂಲಕ, ಒಳಗಿನ ತಟ್ಟೆಗೆ ಆ ಧೂಳು ತಲುಪುವುದಿಲ್ಲ. ಫ್ಯಾನ್ ಕಟ್ಟಿಕೊಂಡು ಕಾವೇರಿದರೆ ಮಾತ್ರ ತೊಂದರೆ.

ಕರೆಂಟು ಹೋಗಿ ಆದ ತೊಂದರೆಯನ್ನೂ ಡಿಸ್ಕಿನ ನಿಜವಾದ ಸವೆತವನ್ನೂ ಬೇರ್ಪಡಿಸುವ ಕ್ರಮ ಹೀಗಿದೆ. ಮೊದಲು ಬೇಕಾದ ಫೋಟೋ, ದಾಖಲೆಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಏಕೆಂದರೆ ಮುಂದಿನ ಹಂತ ಡಿಸ್ಕನ್ನು ದಣಿಸುತ್ತದೆ. ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ `chkdsk D: /r` ಕೊಟ್ಟು ಬಿಡಿ. ಇದು ಹಲವು ಗಂಟೆಗಳ ಕೆಲಸ. ಓದಲಾಗದ ಜಾಗಗಳನ್ನು ಗುರುತಿಸಿ, ವಿಂಡೋಸ್ ಮತ್ತೆ ಅಲ್ಲಿ ಬರೆಯದಂತೆ ಪಟ್ಟಿಗೆ ಸೇರಿಸುತ್ತದೆ. ಸ್ಟೀಮ್ ಆದರೆ ಅನಂತರ ಫೈಲ್‌ಗಳ ಪರಿಶೀಲನೆಗೆ ಹಾಕಿ. ಹಾಳಾದದ್ದನ್ನು ಮಾತ್ರ ಅದು ಮತ್ತೆ ತರಿಸುತ್ತದೆ, 60 ಜಿಬಿಯನ್ನಲ್ಲ. ಕೆಲವು ದಿನ ಬಳಸಿ ಅದೇ ಎರಡು ಸಾಲುಗಳನ್ನು ನೋಡಿ. 05 ಕದಲದೆ, C5 ಏರದೆ ಇದ್ದರೆ ಕರೆಂಟಿನ ಕಿತಾಪತಿ ಎಂದು ತಿಳಿದು ಬಳಕೆ ಮುಂದುವರಿಸಬಹುದು. ವಾರದಿಂದ ವಾರಕ್ಕೆ ಯಾವುದೊಂದು ಏರುತ್ತಾ ಹೋದರೂ ಡಿಸ್ಕ್ ಸವೆಯುತ್ತಿದೆ. ಅದನ್ನು ಫಾರ್ಮ್ಯಾಟ್ ಮಾಡಿ ಕಾಲ ತಳ್ಳುವುದರಲ್ಲಿ ಅರ್ಥವಿಲ್ಲ.

ಡಿಸ್ಕ್ ಚೆನ್ನಾಗಿದ್ದೂ ಕೊನೆಯಲ್ಲಿ ಕೈಕೊಟ್ಟರೆ ಅನುಮಾನ ಹೋಗಬೇಕಾದದ್ದು ಜಾಗದ ಕಡೆಗೆ. ಜಾಗ ಸಾಕಷ್ಟಿದೆ ಎಂದು ಜನ ವಾದಿಸುವುದು ಇಲ್ಲೇ, ಅವರ ಕಣ್ಣಿಗೆ ಕಾಣುವುದೂ ಹಾಗೆಯೇ. ಒಂದು ಲೆಕ್ಕ ಹಾಕೋಣ. 500 ಜಿಬಿ ಡಿಸ್ಕನ್ನು ವಿಂಡೋಸ್ 465 ಎಂದು ತೋರಿಸುತ್ತದೆ. ಅದರಲ್ಲಿ ಸಿ ಡ್ರೈವ್‌ಗೆ 100, ಡಿ ಡ್ರೈವ್‌ಗೆ 365 ಹಂಚಿದೆ ಎಂದಿಟ್ಟುಕೊಳ್ಳಿ. ಡಿಯಲ್ಲಿ 110 ಜಿಬಿ ಖಾಲಿ. 40 ಜಿಬಿಯ ಇನ್‌ಸ್ಟಾಲರ್ ಕಾಪಿಯಾದ ಮೇಲೆ 70 ಉಳಿಯಿತು, ಗೇಮ್ ಬಿಚ್ಚಿಕೊಂಡರೆ 62 ಬೇಕು. ಮೇಲ್ನೋಟಕ್ಕೆ 8 ಜಿಬಿ ಮಿಕ್ಕುತ್ತದೆ. ಆದರೆ ಹಲವು ಇನ್‌ಸ್ಟಾಲರ್‌ಗಳು ದೊಡ್ಡ ಫೈಲ್‌ಗಳನ್ನು ಮೊದಲು ಸಿ ಡ್ರೈವ್‌ನ ಟೆಂಪ್ ಫೋಲ್ಡರಿನಲ್ಲಿ ಬಿಚ್ಚಿ, ಆಮೇಲೆ ಡಿಗೆ ಸಾಗಿಸುತ್ತವೆ. ಸಿಯಲ್ಲಿ ಖಾಲಿ ಇರುವುದು 5 ಜಿಬಿ, ಸರದಿಯ ಕೊನೆಗೆ ಬರುವ ಫೈಲ್ 9 ಜಿಬಿ. ಸಾಲದ್ದಕ್ಕೆ ರ್‍ಯಾಮ್ 4 ಜಿಬಿ ಇರುವ ಯಂತ್ರದಲ್ಲಿ ಬಿಚ್ಚುವ ಕೆಲಸಕ್ಕೆ ಮೆಮೊರಿ ಸಾಲದೆ pagefile.sys ಕೂಡ ಅದೇ ಸಿ ಡ್ರೈವ್‌ನಲ್ಲಿ ಊದಿಕೊಳ್ಳುತ್ತದೆ. ಇನ್‌ಸ್ಟಾಲರ್ ಬೀಳುತ್ತದೆ, ಬೀಳುವಾಗ ತನ್ನ ತಾತ್ಕಾಲಿಕ ಫೈಲ್‌ಗಳನ್ನು ತಾನೇ ಅಳಿಸುತ್ತದೆ. ಅನಂತರ ಬಂದು ನೋಡಿದರೆ ಜಾಗ ಮೊದಲಿನಷ್ಟೇ ಖಾಲಿ! ಇಲ್ಲೇ ತಪ್ಪು ತೀರ್ಮಾನ ಹುಟ್ಟುವುದು. ಜಾಗವನ್ನು ನೋಡಬೇಕಾದದ್ದು ಬಿದ್ದ ಮೇಲಲ್ಲ, ಶೇಕಡಾ 90 ದಾಟುತ್ತಿರುವಾಗ, ಅದೂ ಸಿ ಡ್ರೈವ್‌ನಲ್ಲಿ.

ಪರಿಹಾರ ಕಷ್ಟದ್ದಲ್ಲ. ಇನ್‌ಸ್ಟಾಲರನ್ನು ಡಿಗೆ ಕಾಪಿ ಮಾಡದೆ ಹೊರಗಿನ ಡಿಸ್ಕಿನಿಂದಲೇ ಓಡಿಸಿದರೆ 40 ಜಿಬಿ ಉಳಿಯಿತು. ಟೆಂಪ್ ಫೋಲ್ಡರನ್ನೂ ಆ ಒಂದು ಸಲದ ಮಟ್ಟಿಗೆ ಡಿಗೆ ತಿರುಗಿಸಬಹುದು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಹೊರಗಿನ ಡಿಸ್ಕ್ ಇ ಡ್ರೈವ್ ಆಗಿದ್ದರೆ:

```
mkdir D:\temp
set TEMP=D:\temp
set TMP=D:\temp
E:\game\setup.exe
```

ಸ್ಟೀಮ್ ಬಳಸುವವರಿಗೆ ಇದರದ್ದೇ ಇನ್ನೊಂದು ರೂಪ ಎದುರಾಗುತ್ತದೆ. ಅಪ್‌ಡೇಟ್ 500 ಎಂಬಿ ಮಾತ್ರ ಇದ್ದರೂ, ಅದು ತಿದ್ದಬೇಕಾದ ಫೈಲ್ 30 ಜಿಬಿಯದ್ದಾಗಿದ್ದರೆ ಆ ಫೈಲನ್ನು ಪಕ್ಕದಲ್ಲಿ ಹೊಸದಾಗಿ ಕಟ್ಟಲು ಅಷ್ಟೇ ಜಾಗ ಬೇಕಾಗಬಹುದು.

ಡಿಸ್ಕ್ ಬದಲಿಸಲೇಬೇಕಾದಾಗ ಕೋಲಾರ ಜಿಲ್ಲೆಯವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ರೈಲೋ ಬಸ್ಸೋ ಹತ್ತುತ್ತಾರೆ. ಹಣ ಕಡಿಮೆ ಎಂದು ಸೆಕೆಂಡ್ ಹ್ಯಾಂಡ್ ಡಿಸ್ಕಿಗೆ ಮನಸ್ಸು ಮಾಡಿದರೆ, ಅಂಗಡಿಯಲ್ಲೇ ಕಂಪ್ಯೂಟರಿಗೆ ಜೋಡಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ತೋರಿಸಲು ಕೇಳಬೇಕು. 05 ಮತ್ತು C5 ಎರಡೂ ಸೊನ್ನೆ ಇರಬೇಕು; ಜೊತೆಗೆ ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದೂ ಅದೇ ಪರದೆಯಲ್ಲಿರುತ್ತದೆ. ವರ್ಷಕ್ಕೆ 8,760 ಗಂಟೆ. 40,000 ಎಂದಿದ್ದರೆ ಆ ಡಿಸ್ಕ್ ನಾಲ್ಕೂವರೆ ವರ್ಷ ಎಡೆಬಿಡದೆ ತಿರುಗಿದೆ. ಜೋಡಿಸಿ ತೋರಿಸಲು ಒಪ್ಪದ ಅಂಗಡಿಯಿಂದ ಬಳಸಿದ ಡಿಸ್ಕ್ ಕೊಳ್ಳಬೇಡಿ.