ಮಾರುವುದಾದರೆ ಬೇಗ, ಅಡವಿಡುವುದಾದರೆ ತಡ

ಕೈಯಲ್ಲಿ ಕಾಸಿಲ್ಲ, ಕೂತಿರುವುದು ಮಾತ್ರ ಕೋಟಿಯ ಮನೆಯಲ್ಲಿ. ನಮ್ಮ ನಗರಗಳ ಹಳೆಯ ಬಡಾವಣೆಗಳಲ್ಲಿ ನಿವೃತ್ತರಾದ ಎಷ್ಟೋ ದಂಪತಿಗಳ ಸ್ಥಿತಿ ಇದು. ದುಡಿಮೆಯ ಕಾಲದಲ್ಲಿ ಉಳಿಸಿದ್ದೆಲ್ಲ ಸೈಟಿಗೆ, ಗೋಡೆಗೆ, ಮಕ್ಕಳ ಓದಿಗೆ ಹೋಯಿತು. ಈಗ ಔಷಧಿ ಅಂಗಡಿಯ ಬಿಲ್ಲು ನೋಡಿದಾಗ ಆ ಗೋಡೆಯಿಂದ ಒಂದಿಷ್ಟು ದುಡ್ಡು ವಾಪಸ್ ಬರುವಂತಿದ್ದರೆ ಎನಿಸುತ್ತದೆ. ಬರುವ ದಾರಿ ಎರಡಿವೆ. ಮನೆ ಮಾರಿ ಚಿಕ್ಕದಕ್ಕೆ ಹೋಗುವುದು ಒಂದು, ಅದೇ ಮನೆಯಲ್ಲಿದ್ದುಕೊಂಡು ಬ್ಯಾಂಕಿನಿಂದ ತಿಂಗಳು ತಿಂಗಳು ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಸಾಲ ಇನ್ನೊಂದು. ಎರಡರಲ್ಲಿ ಯಾವುದು ಒಳ್ಳೆಯದು ಎಂಬುದಕ್ಕಿಂತ ಯಾವುದನ್ನು ಯಾವ ವಯಸ್ಸಿನಲ್ಲಿ ಮಾಡಬೇಕು ಎಂಬುದೇ ದೊಡ್ಡ ಪ್ರಶ್ನೆ.

ಲೆಕ್ಕಕ್ಕೆ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮೈಸೂರಿನ ಕುವೆಂಪುನಗರದಲ್ಲಿ 30–40 ಸೈಟಿನಲ್ಲಿ 1995ರಲ್ಲಿ ಕಟ್ಟಿಸಿದ ಮನೆ. ಯಜಮಾನರಿಗೆ 68, ಪತ್ನಿಗೆ 63. ಮಗ ಅಮೆರಿಕದಲ್ಲಿ, ಮಗಳು ಹುಬ್ಬಳ್ಳಿಯಲ್ಲಿ. ಪಿಂಚಣಿ, ಬಡ್ಡಿ ಎಲ್ಲ ಸೇರಿ ತಿಂಗಳಿಗೆ 18,000 ರೂಪಾಯಿ ಬರುತ್ತದೆ, ಖರ್ಚು 40,000 ಆಗುತ್ತದೆ. ಮನೆಯ ಬೆಲೆ 1 ಕೋಟಿ 20 ಲಕ್ಷ ಎಂದಿಟ್ಟುಕೊಳ್ಳೋಣ. ತುಂಬಬೇಕಾದ ಕೊರತೆ ತಿಂಗಳಿಗೆ 22,000.

ಮೊದಲು ಮಹಡಿ

‘ಮೇಲಿನ ಮನೆ ಬಾಡಿಗೆಗೆ ಕೊಟ್ಟರೆ ಸಾಲದೇನ್ರೀ?’ ಎಂದು ಪತ್ನಿ ಕೇಳುತ್ತಾರೆ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಮಹಡಿಯ ಎರಡು ಕೋಣೆಗಳಿಗೆ ಹೊರಗಿನಿಂದ ಮೆಟ್ಟಿಲು ಕಟ್ಟಿ, ಅಡುಗೆಮನೆ ಮಾಡಿಸಲು ಐದು ಲಕ್ಷ ಖರ್ಚಾಗಿ, ತಿಂಗಳಿಗೆ 12,000 ಬಾಡಿಗೆ ಬಂದರೆ ಹಾಕಿದ ಹಣ ಮೂರೂವರೆ ವರ್ಷದಲ್ಲಿ ಮರಳುತ್ತದೆ. ಮನೆ ಅವರದೇ ಆಗಿ ಉಳಿಯುತ್ತದೆ, ಬಾಡಿಗೆ ಬೆಲೆಯೇರಿಕೆಯ ಜೊತೆಗೆ ಏರುತ್ತಲೂ ಹೋಗುತ್ತದೆ. ಒಂದೇ ಎಚ್ಚರ: ಬಾಡಿಗೆದಾರರು ಕೊಟ್ಟ ಅಡ್ವಾನ್ಸ್ ಖರ್ಚಿನ ಹಣವಲ್ಲ, ಅವರು ಮನೆ ಬಿಟ್ಟ ದಿನ ಎಣಿಸಿ ಕೊಡಬೇಕಾದ ಸಾಲ. ಆದರೆ ಬಾಡಿಗೆಯಿಂದ ಕೊರತೆಯ ಅರ್ಧದಷ್ಟು ಮಾತ್ರ ತುಂಬುತ್ತದೆ. ಉಳಿದದ್ದಕ್ಕೆ ಮನೆಯ ಬೆಲೆಯನ್ನೇ ಮುಟ್ಟಬೇಕು.

ಮಾರಿ ಚಿಕ್ಕದಕ್ಕೆ ಹೋದರೆ

1 ಕೋಟಿ 20 ಲಕ್ಷಕ್ಕೆ ಮಾರಿ, 65 ಲಕ್ಷದ ಫ್ಲ್ಯಾಟ್ ಕೊಂಡರೆ 55 ಲಕ್ಷ ಉಳಿಯಿತು ಎಂದು ಬಾಯಿಲೆಕ್ಕ ಹಾಕುವವರೇ ಹೆಚ್ಚು. ಅಷ್ಟು ಉಳಿಯುವುದಿಲ್ಲ. ಕರ್ನಾಟಕದಲ್ಲಿ ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿ ಶೇ 7.6. ಅಂದರೆ ಹೊಸ ಫ್ಲ್ಯಾಟಿನ ನೋಂದಣಿಗೇ ಸುಮಾರು ಐದು ಲಕ್ಷ. ಎರಡೂ ಕಡೆ ಶೇ 1ರಂತೆ ದಲ್ಲಾಳಿ ಕೊಟ್ಟರೆ ಎರಡು ಲಕ್ಷದ ಹತ್ತಿರ. ಸಾಗಣೆ, ಕಪಾಟು, ಕಿಟಕಿಯ ಜಾಲರಿ ಎಂದು ನಾಲ್ಕು ಲಕ್ಷ.

ಇನ್ನು ತೆರಿಗೆ. 2001ಕ್ಕೆ ಮೊದಲಿನ ಮನೆಯಾದ್ದರಿಂದ, ಕಟ್ಟಿಸಿದಾಗಿನ ಖರ್ಚಿನ ಬದಲು 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನು ಹಿಡಿಯಬಹುದು. ಅಂದಿನ ಬೆಲೆ 12 ಲಕ್ಷವಾಗಿದ್ದರೆ, 2025–26ರ ಸೂಚ್ಯಂಕ 376ರಂತೆ ಅದು ಇಂದಿನ ಸುಮಾರು 45 ಲಕ್ಷಕ್ಕೆ ಸಮ. ಹಾಗಾಗಿ ಲಾಭ 75 ಲಕ್ಷ. ಅದರಲ್ಲಿ ಹೊಸ ಮನೆಗೆ ಹಾಕಿದ 70 ಲಕ್ಷಕ್ಕೆ ವಿನಾಯಿತಿ ಸಿಗುತ್ತದೆ. ಉಳಿದ ಐದು ಲಕ್ಷಕ್ಕೆ ಶೇ 20ರಂತೆ ಒಂದು ಲಕ್ಷ ತೆರಿಗೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಗೆ ಮಾತ್ರ ಈ ಸೂಚ್ಯಂಕದ ದಾರಿ ಉಳಿದಿದೆ. ಅದನ್ನು ಬಿಟ್ಟು ಶೇ 12.5ರ ಹೊಸ ದರದಲ್ಲಿ ಲೆಕ್ಕ ಹಾಕಿದರೆ ಇದೇ ಮನೆಗೆ ನಾಲ್ಕೂಮುಕ್ಕಾಲು ಲಕ್ಷದಷ್ಟು ತೆರಿಗೆ ಬೀಳುತ್ತಿತ್ತು. ದರ ಕಡಿಮೆ ಎಂದು ಮರುಳಾಗದೆ ಎರಡೂ ಲೆಕ್ಕ ಹಾಕಿಸಿ ನೋಡಬೇಕು.

ಎಲ್ಲ ಕಳೆದು ಕೈಗೆ ಉಳಿಯುವುದು 43 ಲಕ್ಷ. ಇದನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಬ್ಬರ ಹೆಸರಿಗೂ ಹಂಚಿ ಇಡಬಹುದು. ಒಬ್ಬರಿಗೆ ಮಿತಿ 30 ಲಕ್ಷ. 2025–26ರ ಶೇ 8.2ರ ದರದಲ್ಲಿ ತಿಂಗಳ ಲೆಕ್ಕಕ್ಕೆ ಸುಮಾರು 29,400 ರೂಪಾಯಿ. ಕೈಗೆ ಬರುವುದು ಮೂರು ತಿಂಗಳಿಗೊಮ್ಮೆ. ಫ್ಲ್ಯಾಟಿನ ನಿರ್ವಹಣಾ ವೆಚ್ಚ 4,000 ಹೋದರೂ ಕೊರತೆ ತುಂಬಿ ಮೂರು ಸಾವಿರ ಮಿಗುತ್ತದೆ, ಅಸಲು ಹಾಗೇ ಇರುತ್ತದೆ. ತೊಡಕಿರುವುದು ಮುಂದಕ್ಕೆ. ಐದು ವರ್ಷದ ಅವಧಿ ಮುಗಿದಾಗ ಅಂದಿನ ದರವೇ ಗತಿ, ಬೆಲೆಗಳು ಏರಿದರೂ ಬಡ್ಡಿ ಏರುವುದಿಲ್ಲ. ಬದುಕಿರುವವರೆಗೂ ಒಂದೇ ಮೊತ್ತ ಬರಲಿ ಎನ್ನುವವರು ಒಂದು ಭಾಗವನ್ನು ವಿಮಾ ಕಂಪನಿಯ ಆಜೀವ ಪಿಂಚಣಿಗೆ ಹಾಕಬಹುದು. ಅಲ್ಲಿ ಸಿಗುವ ದರ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ.

ಮನೆಯಲ್ಲೇ ಕೂತು ಪಡೆದರೆ

ರಿವರ್ಸ್ ಮಾರ್ಟ್‌ಗೇಜ್ ನಮ್ಮಲ್ಲಿ 2007ರ ಬಜೆಟ್ಟಿನಲ್ಲಿ ಘೋಷಣೆಯಾಯಿತು. ರಾಷ್ಟ್ರೀಯ ವಸತಿ ಬ್ಯಾಂಕು ಅದರ ನಿಯಮ ರೂಪಿಸಿತು. ಸಾಲಗಾರರಿಗೆ 60 ತುಂಬಿರಬೇಕು, ದಂಪತಿಗಳಾದರೆ ಇನ್ನೊಬ್ಬರಿಗೆ 55 ಆಗಿರಬೇಕು. ಮನೆ ಸ್ವಯಾರ್ಜಿತವಾಗಿರಬೇಕು, ಅವರೇ ವಾಸವಿರಬೇಕು. ಪಿತ್ರಾರ್ಜಿತ ಆಸ್ತಿಗೆ ಸಾಲವಿಲ್ಲ. ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟಾಗಿದ್ದರೂ ಇಲ್ಲ. ಹಣ ಸಾಲವಾಗಿ ಬರುವುದರಿಂದ ಅದಕ್ಕೆ ಆದಾಯ ತೆರಿಗೆಯಿಲ್ಲ. ದಂಪತಿಗಳಲ್ಲಿ ಕೊನೆಯವರು ತೀರಿಕೊಳ್ಳುವವರೆಗೆ ಮರುಪಾವತಿಯೂ ಇಲ್ಲ.

ನಮ್ಮ ಮನೆಯ ಬೆಲೆಯ ಮುಕ್ಕಾಲು ಭಾಗ, ಅಂದರೆ 90 ಲಕ್ಷವನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯಿತು, ಬಡ್ಡಿ ಶೇ 10.5, ಅವಧಿ 15 ವರ್ಷ ಎಂದುಕೊಳ್ಳಿ. ತಿಂಗಳಿಗೆ ಬರುವುದು ಸುಮಾರು 20,700 ರೂಪಾಯಿ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. 90 ಲಕ್ಷ ಅವರ ಕೈಗೆ ಬರುವ ಮೊತ್ತವಲ್ಲ, 15 ವರ್ಷದ ಕೊನೆಗೆ ಬಡ್ಡಿ ಸೇರಿ ಬೆಳೆದು ನಿಲ್ಲುವ ಸಾಲ. ಕೈಗೆ ಬರುವುದು ಒಟ್ಟು 37 ಲಕ್ಷ, ಉಳಿದ 53 ಲಕ್ಷ ಬಡ್ಡಿ. ಗೃಹಸಾಲದಲ್ಲಿ ಪ್ರತಿ ಕಂತಿಗೂ ಸಾಲ ಕರಗುತ್ತದೆ, ಇಲ್ಲಿ ಪ್ರತಿ ಕಂತಿಗೂ ಉಬ್ಬುತ್ತದೆ.

ಆದರೆ ಬಡ್ಡಿ ಏರುವುದು ಕೊನೆಯ ವರ್ಷಗಳಲ್ಲಿ. ಆರನೇ ವರ್ಷಕ್ಕೇ ಇಬ್ಬರೂ ತೀರಿಕೊಂಡರೆ ಆಗ ಪಡೆದಿರುವುದು ಸುಮಾರು 15 ಲಕ್ಷ, ತೀರಿಸಬೇಕಾದದ್ದು 21 ಲಕ್ಷದೊಳಗೆ. ಮಕ್ಕಳು ಅಷ್ಟನ್ನು ಕಟ್ಟಿ ಮನೆ ಬಿಡಿಸಿಕೊಳ್ಳಬಹುದು. ಬೇಡವೆಂದರೆ ಬ್ಯಾಂಕು ಮಾರಿ, ಸಾಲ ಮುರಿದುಕೊಂಡು ಉಳಿದದ್ದನ್ನು ಅವರಿಗೇ ಕೊಡಬೇಕು. ಮಾರಿದ ಹಣ ಸಾಲಕ್ಕೆ ಸಾಲದಿದ್ದರೆ ಕೊರತೆಯನ್ನು ಮಕ್ಕಳಿಂದ ವಸೂಲು ಮಾಡುವಂತಿಲ್ಲ. ‘ಬ್ಯಾಂಕಿನವರು ಮನೆ ನುಂಗಿಹಾಕುತ್ತಾರೆ’ ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಮುಗ್ಗರಿಸುವುದು ಬೇರೆ ಕಡೆ. 68ಕ್ಕೆ ಪಡೆದ ಸಾಲದ ಕಂತು 83ಕ್ಕೆ ನಿಲ್ಲುತ್ತದೆ. ಆಗ ಪತ್ನಿಗೆ 78. ಮನೆಯಿಂದ ಯಾರೂ ಎಬ್ಬಿಸುವುದಿಲ್ಲ, ಆದರೆ ಆಸ್ಪತ್ರೆ ಖರ್ಚು ಹೆಚ್ಚುವ ವಯಸ್ಸಿಗೇ ಹಣ ನಿಂತಿರುತ್ತದೆ. ಈ ಭಯಕ್ಕೆ ಅವಧಿಯನ್ನು 20 ವರ್ಷಕ್ಕೆ ಎಳೆದರೆ ತಿಂಗಳ ಮೊತ್ತ 11,000ಕ್ಕೆ ಇಳಿಯುತ್ತದೆ. ಜೊತೆಗೆ ಷರತ್ತುಗಳಿವೆ. ಮನೆ ಕಂದಾಯ, ವಿಮೆ, ದುರಸ್ತಿ ಮಾಲೀಕರದೇ ಹೊಣೆ, ತಪ್ಪಿದರೆ ಸಾಲವನ್ನು ವಾಪಸ್ ಕೇಳಬಹುದು. ಇಬ್ಬರೂ ಸತತ ಒಂದು ವರ್ಷ ಮನೆಯಲ್ಲಿ ವಾಸವಿರದಿದ್ದರೂ ಹಾಗೇ. ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗಿಬಂದರೆ ತೊಂದರೆಯಿಲ್ಲ, ಅಲ್ಲೇ ನೆಲೆಸಿದರೆ ತೊಂದರೆ. ಮನೆಯ ಭಾಗವನ್ನು ಬಾಡಿಗೆಗೆ ಕೊಡುವುದೂ ಸಾಲ ಮರುಕೇಳಲು ಕಾರಣವಾಗಬಹುದು. ಹಾಗಾಗಿ ಮಹಡಿಯ ಬಾಡಿಗೆ ಮತ್ತು ರಿವರ್ಸ್ ಸಾಲ ಎರಡನ್ನೂ ಒಟ್ಟಿಗೆ ನೆಚ್ಚಿಕೊಳ್ಳುವಂತಿಲ್ಲ.

ವಯಸ್ಸಿನ ಲೆಕ್ಕ

ಇದೇ ಸಾಲವನ್ನು 68ಕ್ಕೆ ಬದಲು 76ಕ್ಕೆ, ಹತ್ತೇ ವರ್ಷದ ಅವಧಿಗೆ ಪಡೆದರೆ, ಮನೆಯ ಬೆಲೆ ಒಂದು ರೂಪಾಯಿ ಏರದಿದ್ದರೂ ತಿಂಗಳಿಗೆ 42,700 ಬರುತ್ತದೆ. ಅದೇ 90 ಲಕ್ಷದಲ್ಲಿ ಕೈಗೆ ಬರುವ ಪಾಲು 37ರಿಂದ 51 ಲಕ್ಷಕ್ಕೆ ಏರುತ್ತದೆ. ಬಡ್ಡಿ ಬೆಳೆಯಲು ಕಡಿಮೆ ವರ್ಷ ಸಿಗುವುದೇ ಕಾರಣ. ಮಾರಾಟದ ಮಾತು ಇದಕ್ಕೆ ವಿರುದ್ಧ. ಮೂವತ್ತು ವರ್ಷದ ಸಾಮಾನು ವಿಲೇವಾರಿ ಮಾಡುವುದು, ಗಿರಾಕಿಗಳೊಂದಿಗೆ ಚೌಕಾಸಿ, ಉಪನೋಂದಣಿ ಕಚೇರಿಗೆ ಓಡಾಟ, ಹೊಸ ನೆರೆಹೊರೆಗೆ ಒಗ್ಗುವುದು, ಇವೆಲ್ಲ 68ಕ್ಕೆ ಆಗುವ ಕೆಲಸ. 80ಕ್ಕೆ, ಅದೂ ಇಬ್ಬರಲ್ಲಿ ಒಬ್ಬರು ಇಲ್ಲವಾದ ಮೇಲೆ, ಸಿಕ್ಕ ಬೆಲೆಗೆ ಮಾರುವ ಒತ್ತಡ ಬರುತ್ತದೆ.

ಈ ದಂಪತಿಗೆ ಜಾಗ ಬಿಡಲು ಮನಸ್ಸಿದ್ದರೆ ಎಪ್ಪತ್ತರೊಳಗೆ ಮಾರುವುದೇ ಲೇಸು: ತಿಂಗಳ ಮೊತ್ತ ಹೆಚ್ಚು, ಅಸಲೂ ಭದ್ರ. ಮನಸ್ಸಿಲ್ಲದಿದ್ದರೆ ಸದ್ಯಕ್ಕೆ ಮಹಡಿ ಬಾಡಿಗೆಗೆ ಕೊಟ್ಟು, ಉಳಿದ ಹತ್ತು ಸಾವಿರದ ಕೊರತೆಯನ್ನು ಠೇವಣಿಯಿಂದಲೋ ಮಕ್ಕಳಿಂದಲೋ ತುಂಬಿಕೊಂಡು, ಎಪ್ಪತ್ತೈದು ದಾಟಿದ ಮೇಲೆ ಮಹಡಿ ಖಾಲಿ ಮಾಡಿಸಿ ರಿವರ್ಸ್ ಸಾಲಕ್ಕೆ ಹೋಗಬಹುದು. ಹಾಗೆ ಕಾಯುವವರು ಎರಡು ಕೆಲಸ ಈಗಲೇ ಮಾಡಬೇಕು. ಕ್ರಯಪತ್ರ, ಖಾತೆ, ಋಣಭಾರ ಪ್ರಮಾಣಪತ್ರ ತೆಗೆಸಿ ಹೆಸರು, ಅಳತೆ ತಾಳೆಯಾಗುತ್ತವೆಯೇ ನೋಡಬೇಕು. ಬಿ ಖಾತೆಯಾಗಿದ್ದರೆ, ಇಲ್ಲವೇ ನಕ್ಷೆ ಮೀರಿ ಕಟ್ಟಿದ್ದರೆ ಸಾಲದ ಅರ್ಜಿ ಅಲ್ಲೇ ನಿಲ್ಲುವ ಸಂಭವ ಹೆಚ್ಚು. ಎರಡನೆಯದು, ತಾರಸಿ ಸೋರಿಕೆಯನ್ನು ಮುಂದೂಡಬಾರದು. ಕಟ್ಟಡಕ್ಕೆ ಇನ್ನೂ 20 ವರ್ಷ ಆಯಸ್ಸಿದೆ ಎಂದು ಬ್ಯಾಂಕಿನ ಎಂಜಿನಿಯರು ಹೇಳಿದರೆ ಮಾತ್ರ ಸಾಲ. 1995ರ ಮನೆಗೆ ಆಗ ನಲವತ್ತರ ಹತ್ತಿರವಾಗಿರುತ್ತದೆ.