ಬಸ್ಸುಗಳು ಮತ್ತೆ ಒಟ್ಟಿಗೆ ಹೊರಡುವುದು ಯಾವಾಗ?

ಸಂಖ್ಯಾ ಪದ್ಧತಿಯ ಅಭ್ಯಾಸ ಹಾಳೆಗಳಲ್ಲಿ ಮ.ಸಾ.ಅ. ಮತ್ತು ಲ.ಸಾ.ಅ. ಲೆಕ್ಕಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಮಹತ್ತಮ ಸಾಮಾನ್ಯ ಅಪವರ್ತನವೆಂದರೆ ಕೊಟ್ಟ ಸಂಖ್ಯೆಗಳೆಲ್ಲವನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ. ಲಘುತ್ತಮ ಸಾಮಾನ್ಯ ಅಪವರ್ತ್ಯವೆಂದರೆ ಆ ಎಲ್ಲ ಸಂಖ್ಯೆಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ. ವ್ಯಾಖ್ಯೆ ಬಾಯಿಪಾಠವಾಗಿದ್ದರೂ ವಾಕ್ಯರೂಪದ ಪ್ರಶ್ನೆ ಬಂದಾಗ ಯಾವುದನ್ನು ಹಿಡಿಯಬೇಕೆಂದು ಮಕ್ಕಳು ತಡವರಿಸುತ್ತಾರೆ.

‘ಗರಿಷ್ಠ’ ಎಂದಿದ್ದರೆ ಮ.ಸಾ.ಅ., ‘ಕನಿಷ್ಠ’ ಎಂದಿದ್ದರೆ ಲ.ಸಾ.ಅ. ಎಂಬ ಸೂತ್ರವನ್ನು ನಂಬಿ ಕೂರುವಂತಿಲ್ಲ. ಉತ್ತರ ಕೊಟ್ಟ ಸಂಖ್ಯೆಗಳಿಗಿಂತ ಚಿಕ್ಕದಾಗಿರಬೇಕೋ ದೊಡ್ಡದಾಗಿರಬೇಕೋ ಎಂದು ಮೊದಲೇ ಯೋಚಿಸುವುದು ಇದಕ್ಕಿಂತ ಭದ್ರವಾದ ದಾರಿ. 84 ಪುಸ್ತಕ, 126 ಪೆನ್ಸಿಲ್‌ಗಳನ್ನು ಒಂದೂ ಉಳಿಯದಂತೆ ಸಮನಾದ ಕಟ್ಟುಗಳಾಗಿ ಹಂಚುವಾಗ 84ಕ್ಕಿಂತ ಹೆಚ್ಚು ಕಟ್ಟು ಆಗುವಂತಿಲ್ಲ. ಆದ್ದರಿಂದ ಇದು ಮ.ಸಾ.ಅ. ಲೆಕ್ಕ. 126ನ್ನು 84ರಿಂದ ಭಾಗಿಸಿದರೆ ಶೇಷ 42. 84ನ್ನು 42ರಿಂದ ಭಾಗಿಸಿದರೆ ಶೇಷವಿಲ್ಲ. ಹೀಗಾಗಿ ಹೆಚ್ಚೆಂದರೆ 42 ಕಟ್ಟು, ಒಂದೊಂದರಲ್ಲಿ 2 ಪುಸ್ತಕ, 3 ಪೆನ್ಸಿಲ್. ಶೇಷದಿಂದ ಭಾಜಕವನ್ನೇ ಭಾಗಿಸುತ್ತ ಹೋಗುವ ಈ ಕ್ರಮ ಯೂಕ್ಲಿಡ್‌ನ ಗ್ರಂಥದಲ್ಲೇ ಇದೆ.

ವೇಳಾಪಟ್ಟಿಯ ಲೆಕ್ಕದಲ್ಲಿ ಉತ್ತರ ದೊಡ್ಡದಾಗುತ್ತದೆ. ಒಂದು ನಿಲ್ದಾಣದಿಂದ ಮೂರು ಮಾರ್ಗದ ಬಸ್ಸುಗಳು ಬೆಳಿಗ್ಗೆ 6 ಗಂಟೆಗೆ ಒಟ್ಟಿಗೆ ಹೊರಡುತ್ತವೆ ಎಂದುಕೊಳ್ಳೋಣ. ಆಮೇಲೆ ಮೊದಲ ಮಾರ್ಗದಲ್ಲಿ 12 ನಿಮಿಷಕ್ಕೊಂದು, ಎರಡನೆಯದರಲ್ಲಿ 18ಕ್ಕೊಂದು, ಮೂರನೆಯದರಲ್ಲಿ 20ಕ್ಕೊಂದು ಬಸ್. ಮತ್ತೆ ಮೂರೂ ಒಟ್ಟಿಗೆ ಹೊರಡುವ ಸಮಯ ಈ ಮೂರು ಸಂಖ್ಯೆಗಳಿಂದಲೂ ಭಾಗವಾಗಬೇಕು. ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿದರೆ 12 = 2² × 3, 18 = 2 × 3², 20 = 2² × 5. ಪ್ರತಿ ಅವಿಭಾಜ್ಯದ ಅತಿ ಹೆಚ್ಚಿನ ಘಾತವನ್ನು ಆಯ್ದು ಗುಣಿಸಿದಾಗ 2² × 3² × 5 = 180 ನಿಮಿಷ, ಅಂದರೆ 3 ಗಂಟೆ. ಬಸ್ಸುಗಳು ಮತ್ತೆ ಜೊತೆಯಾಗುವುದು 9 ಗಂಟೆಗೆ. ಬಸ್ಸುಗಳು ಪಟ್ಟಿಯಂತೆಯೇ ಓಡುತ್ತವೆ ಎಂಬ ಉದಾರ ನಂಬಿಕೆ ಈ ಲೆಕ್ಕದ ಬೆನ್ನಿಗಿದೆ.

ತಪ್ಪುಗಳು ಸಾಮಾನ್ಯವಾಗಿ ಎರಡು ಕಡೆ ನುಸುಳುತ್ತವೆ. ‘ಎರಡು ಸಂಖ್ಯೆಗಳ ಗುಣಲಬ್ಧ ಅವುಗಳ ಮ.ಸಾ.ಅ. ಮತ್ತು ಲ.ಸಾ.ಅ.ಗಳ ಗುಣಲಬ್ಧಕ್ಕೆ ಸಮ’ ಎಂಬ ನಿಯಮವನ್ನು ಮೂರು ಸಂಖ್ಯೆಗಳಿಗೂ ಹಚ್ಚುವುದು ಮೊದಲನೆಯದು. ಇಲ್ಲಿ ಗುಣಲಬ್ಧ 4320, ಮ.ಸಾ.ಅ. 2, ಭಾಗಿಸಿದರೆ 2160 ನಿಮಿಷ, ಅಂದರೆ 36 ಗಂಟೆ. ಬೆಳಿಗ್ಗೆ ಹೊರಟ ಬಸ್ಸುಗಳು ಮರುದಿನ ಸಂಜೆ ಜೊತೆಯಾಗುತ್ತವೆ ಎಂಬ ಉತ್ತರ ಬಂದಾಗಲೇ ಅನುಮಾನ ಬರಬೇಕು. ಎರಡನೆಯದು ಎಣಿಕೆಯ ತಪ್ಪು. ‘6ರಿಂದ 12 ಗಂಟೆಯವರೆಗೆ ಎಷ್ಟು ಸಲ ಒಟ್ಟಿಗೆ ಹೊರಡುತ್ತವೆ?’ ಎಂದರೆ 360ನ್ನು 180ರಿಂದ ಭಾಗಿಸಿ 2 ಎಂದು ಬರೆಯುವವರೇ ಹೆಚ್ಚು. 6, 9, 12 ಎಂದು ಬೆರಳು ಮಡಿಸಿದರೆ ಮೂರು ಸಲ. ಆರಂಭದ ಹೊರಡುವಿಕೆಯೂ ಲೆಕ್ಕಕ್ಕೆ ಸೇರಿದೆ.

ಇಷ್ಟರವರೆಗೆ ಎಲ್ಲವೂ ಒಟ್ಟಿಗೆ ಶುರುವಾಗುತ್ತವೆ ಎಂಬ ಷರತ್ತು ಇತ್ತು. ಹಾಳೆಯ ಪ್ರಶ್ನೆಗಳು ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತವೆ, ಲೆಕ್ಕ ರುಚಿಗಟ್ಟುವುದು ಮಾತ್ರ ಅದನ್ನು ದಾಟಿದ ಮೇಲೆ. 12 ನಿಮಿಷದ ಬಸ್ 6 ಗಂಟೆಗೂ 18 ನಿಮಿಷದ್ದು 6.05ಕ್ಕೂ ಶುರುವಾದರೆ? 6ರಿಂದ ಎಣಿಸಿದ ನಿಮಿಷಗಳಲ್ಲಿ ಮೊದಲನೆಯದು 0, 12, 24, 36 ಎಂದು ಹೊರಡುತ್ತದೆ. ಎರಡನೆಯದು 5, 23, 41, 59 ಎಂದು. 12 ಮತ್ತು 18ರ ಮ.ಸಾ.ಅ. 6. ಮೊದಲ ಸಾಲಿನ ಸಂಖ್ಯೆಗಳೆಲ್ಲ 6ರಿಂದ ಭಾಗವಾಗುತ್ತವೆ, ಎರಡನೆಯ ಸಾಲಿನವು ಯಾವಾಗಲೂ 5 ಶೇಷ ಉಳಿಸುತ್ತವೆ. ಹಾಗಾಗಿ ದಿನವಿಡೀ ಕಾದರೂ ಈ ಎರಡು ಬಸ್ಸುಗಳು ಒಟ್ಟಿಗೆ ಹೊರಡುವುದಿಲ್ಲ.

ಎರಡನೆಯದನ್ನು ಒಂದೇ ನಿಮಿಷ ಮುಂದೂಡಿ 6.06ಕ್ಕೆ ಬಿಟ್ಟರೆ ಚಿತ್ರವೇ ಬೇರೆ. ಅದರ ಸಾಲು 6, 24, 42 ಎಂದಾಗಿ 6.24ಕ್ಕೆ ಎರಡೂ ಜೊತೆಯಾಗುತ್ತವೆ. ಅಲ್ಲಿಂದ ಮುಂದೆ 12 ಮತ್ತು 18ರ ಲ.ಸಾ.ಅ. ಆದ 36 ನಿಮಿಷಕ್ಕೊಮ್ಮೆ, ಅಂದರೆ 7.00, 7.36, 8.12ಕ್ಕೆ ಮತ್ತೆ ಸೇರುತ್ತವೆ. ಎರಡು ಬಸ್ಸುಗಳು ಸೇರುತ್ತವೋ ಇಲ್ಲವೋ ಎಂಬುದನ್ನು ಮ.ಸಾ.ಅ. ನಿರ್ಧರಿಸುತ್ತದೆ: ಶುರುವಾಗುವ ಸಮಯಗಳ ವ್ಯತ್ಯಾಸ ಅದರಿಂದ ಭಾಗವಾಗಬೇಕು. ಸೇರುವುದಾದರೆ ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಲ.ಸಾ.ಅ. ಹೇಳುತ್ತದೆ. ಮೊದಲ ಭೇಟಿಯ ಸಮಯವನ್ನು ಇವೆರಡೂ ನೇರವಾಗಿ ಕೊಡುವುದಿಲ್ಲ. ಸಣ್ಣ ಸಂಖ್ಯೆಗಳಾದರೆ ಸಾಲು ಬರೆದು ಹುಡುಕಿದರಾಯಿತು. ದೊಡ್ಡ ಸಂಖ್ಯೆಗಳಲ್ಲಿ, ಒಂದರಿಂದ ಭಾಗಿಸಿದಾಗ ಇಷ್ಟು, ಇನ್ನೊಂದರಿಂದ ಭಾಗಿಸಿದಾಗ ಅಷ್ಟು ಶೇಷ ಉಳಿಸುವ ಸಂಖ್ಯೆಯನ್ನು ಕಂಡುಹಿಡಿಯಬೇಕಾಗುತ್ತದೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಅದಕ್ಕೊಂದು ವಿಧಾನವಿದೆ. ಮುಂದೆ ‘ಕುಟ್ಟಕ’ ಎಂದು ಹೆಸರಾದ ಅದೂ ಶುರುವಾಗುವುದು 84 ಮತ್ತು 126ಕ್ಕೆ ಮಾಡಿದಂಥ ಸರಣಿ ಭಾಗಾಕಾರದಿಂದಲೇ.